ಮಡಕೆಯ ನೀರು ಏಕೆ ತಣ್ಣಗಿರುತ್ತದೆ? ಸರಳಗೊಳಿಸಿದ ಪಠ್ಯದ ಓದುಮಟ್ಟವನ್ನು ಅಳೆದ ಒಂದು ಅನುಭವ

ಬೋಧನಾಭ್ಯಾಸದ ಎರಡನೆಯ ವಾರದಲ್ಲಿ ಒಂಬತ್ತನೆಯ ತರಗತಿಗೆ ದ್ರವ್ಯದ ಪಾಠ ನನ್ನ ಪಾಲಿಗೆ ಬಂತು. ಅದರಲ್ಲಿ ಆವೀಕರಣದಿಂದ ತಂಪಾಗುವ ಭಾಗಕ್ಕೆ ಅರ್ಧ ಪುಟದ ಒಂದು ಓದುಹಾಳೆ ಸಿದ್ಧಪಡಿಸಬೇಕಿತ್ತು. ಮಕ್ಕಳು ಅದನ್ನು ತಾವೇ ಓದಿಕೊಂಡು, ಕೆಳಗಿನ ಎರಡು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ನಾನು ಓದಿದ ಶಾಲೆಯ ಹಾಗೆಯೇ ಇದೂ ಹಳ್ಳಿಯ ಪ್ರೌಢಶಾಲೆ. ಮಕ್ಕಳು ರಾಗಿ, ತೆಂಗು ಬೆಳೆಯುವ ಮನೆಗಳಿಂದ ಬರುವವರು. ಓದುಹಾಳೆಯನ್ನು ಮೂರು ಬಾರಿ ಬರೆದೆ. ಎರಡನೆಯ ಬಾರಿ ಬರೆದದ್ದು ಅಳತೆಯ ಪ್ರಕಾರ ಬಹಳ ಸುಲಭವಾಗಿತ್ತು, ಆದರೆ ತರಗತಿಯಲ್ಲಿ ಸೋತಿತು. ಹಾಗೆ ಏಕಾಯಿತು, ಮೂರನೆಯ ಬಾರಿ ಏನನ್ನು ಬದಲಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಠ್ಯವನ್ನು ಸರಳಗೊಳಿಸಲು ಹೊರಡುವ ನನ್ನ ಸಹ ಪ್ರಶಿಕ್ಷಣಾರ್ಥಿಗಳು ಅದೇ ತಪ್ಪು ಮಾಡುವ ಸಂಭವ ಇದೆ.

ಮೊದಲ ಬರಹ

ಮೊದಲ ಬಾರಿ, ನನಗೆ ಅಭ್ಯಾಸವಾಗಿರುವ ಪುಸ್ತಕದ ಭಾಷೆಯಲ್ಲಿಯೇ ಬರೆದೆ:

"ದ್ರವದ ಮೇಲ್ಮೈಯಲ್ಲಿರುವ ಕಣಗಳು ಸುತ್ತಲಿನಿಂದ ಉಷ್ಣಶಕ್ತಿಯನ್ನು ಹೀರಿಕೊಂಡು, ತಮ್ಮ ನಡುವಿನ ಆಕರ್ಷಣ ಬಲವನ್ನು ಮೀರಿ, ಕುದಿಯುವ ಬಿಂದುವಿಗಿಂತ ಕಡಿಮೆ ತಾಪದಲ್ಲಿಯೇ ಆವಿಯಾಗಿ ಪರಿವರ್ತನೆಗೊಳ್ಳುವ ವಿದ್ಯಮಾನವನ್ನು ಆವೀಕರಣ ಎನ್ನುತ್ತಾರೆ. ಹೀಗೆ ಹೊರಹೋಗುವ ಕಣಗಳು ಉಷ್ಣವನ್ನು ಒಯ್ಯುವುದರಿಂದ ಉಳಿದ ದ್ರವವೂ ಅದನ್ನು ಹಿಡಿದಿರುವ ಪಾತ್ರೆಯೂ ತಂಪಾಗುತ್ತವೆ. ಮಣ್ಣಿನ ಮಡಕೆಯ ಸೂಕ್ಷ್ಮರಂಧ್ರಗಳ ಮೂಲಕ ಜಿನುಗುವ ನೀರು ಹೊರಮೈಯಲ್ಲಿ ಆವೀಕರಣಗೊಳ್ಳುತ್ತಾ ಒಳಗಿನ ನೀರಿನ ಉಷ್ಣವನ್ನು ಹೀರಿಕೊಳ್ಳುವುದರಿಂದ ಮಡಕೆಯ ನೀರು ತಂಪಾಗಿರುತ್ತದೆ. ವಾತಾವರಣದ ಆರ್ದ್ರತೆ ಅಧಿಕವಾಗಿರುವ ಮಳೆಗಾಲದಲ್ಲಿ ಆವೀಕರಣದ ದರ ಕ್ಷೀಣಿಸುವುದರಿಂದ ಈ ಪರಿಣಾಮ ಅಷ್ಟಾಗಿ ಕಾಣುವುದಿಲ್ಲ."

ನಾಲ್ಕು ವಾಕ್ಯಗಳಲ್ಲಿ 57 ಪದಗಳಿವೆ. ವಾಕ್ಯಕ್ಕೆ ಸರಾಸರಿ 14 ಪದಗಳಿಗಿಂತ ತುಸು ಹೆಚ್ಚು. ವಿಷಯದಲ್ಲಿ ತಪ್ಪಿಲ್ಲ. ಮಾರ್ಗದರ್ಶಕ ಶಿಕ್ಷಕರು ಓದಿ ನೋಡಿ, "ಚೆನ್ನಾಗಿದೆಯಮ್ಮ, ಆದರೆ ಇದನ್ನು ಓದುವವರು ಯಾರು? ನೀನೋ, ಮಕ್ಕಳೋ?" ಎಂದು ಕೇಳಿ ಹಾಳೆಯನ್ನು ವಾಪಸ್ ಕೊಟ್ಟರು.

ಓದುಮಟ್ಟವನ್ನು ಅಳೆಯುವ ಇಂಗ್ಲಿಷ್ ಸೂತ್ರಗಳನ್ನು ಕಾಲೇಜಿನಲ್ಲಿ ಕೇಳಿದ್ದೆವು. ಅವುಗಳಲ್ಲಿ ಎರಡು 1948ರಲ್ಲಿಯೇ ಬಂದವು. ರುಡಾಲ್ಫ್ ಫ್ಲೆಶ್ ಅವರ ಸೂತ್ರ ವಾಕ್ಯದ ಉದ್ದವನ್ನೂ ಪದವೊಂದರಲ್ಲಿ ಉಚ್ಚಾರದ ತುಣುಕುಗಳು ಎಷ್ಟಿವೆ ಎಂಬುದನ್ನೂ ನೋಡುತ್ತದೆ. ಎಡ್ಗರ್ ಡೇಲ್ ಮತ್ತು ಜೀನ್ ಚಾಲ್ ಅವರ ಸೂತ್ರ ವಾಕ್ಯದ ಉದ್ದದ ಜೊತೆಗೆ, ಮಕ್ಕಳಿಗೆ ಪರಿಚಿತವಾದ ಸುಮಾರು 3000 ಪದಗಳ ಪಟ್ಟಿಯಲ್ಲಿ ಇಲ್ಲದ ಪದಗಳು ನೂರಕ್ಕೆ ಎಷ್ಟು ಎಂಬುದನ್ನು ನೋಡುತ್ತದೆ.

ಫ್ಲೆಶ್ ಸೂತ್ರ ಕನ್ನಡಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಅದು ಪದವೊಂದರ ಸರಾಸರಿ ತುಣುಕುಗಳನ್ನು 84.6ರಿಂದ ಗುಣಿಸಿ 206.835ರಿಂದ ಕಳೆಯುತ್ತದೆ. ಅದರಲ್ಲಿ ವಾಕ್ಯದ ಉದ್ದದ ಪಾಲು ಬೇರೆಯೇ ಕಳೆಯುತ್ತದೆ. "ತಂಪಾಗಿರುತ್ತದೆ" ಎಂಬ ಪದದಲ್ಲಿ ಆರು ಅಕ್ಷರಗಳಿವೆ, ಆದರೆ ಅದನ್ನು ಅರಿಯದ ಮಗು ಇಲ್ಲ. ವಿಭಕ್ತಿ, ಕಾಲ, ವಚನ ಎಲ್ಲವೂ ಪದದ ಬೆನ್ನಿಗೇ ಅಂಟುವ ಭಾಷೆಯಲ್ಲಿ ಪದಕ್ಕೆ ಸರಾಸರಿ ನಾಲ್ಕು ಅಕ್ಷರ ಎಂದು ಹಿಡಿದರೂ ಉತ್ತರ ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಡೇಲ್ ಮತ್ತು ಚಾಲ್ ಅವರ ಸೂತ್ರದ ಅಂಕಿಗಳೂ ಇಂಗ್ಲಿಷ್ ಓದುಪರೀಕ್ಷೆಗಳಿಂದ ಬಂದವು, ಅವುಗಳನ್ನು ಹಾಗೆಯೇ ಎತ್ತಿ ತರುವಂತಿಲ್ಲ. ಆದರೆ ಅವರು ನೋಡಿದ ಎರಡು ಅಂಶಗಳನ್ನು ತರಬಹುದು: ವಾಕ್ಯ ಎಷ್ಟು ಉದ್ದ, ಪದ ಎಷ್ಟು ಪರಿಚಿತ. ಇಷ್ಟನ್ನು ಓದಿದ ಉತ್ಸಾಹದಲ್ಲಿ ನಾನು ಎಣಿಸಲು ಸುಲಭವಾದ ಮೊದಲನೆಯದನ್ನು ಮಾತ್ರ ಹಿಡಿದುಕೊಂಡೆ. ಅಲ್ಲಿಯೇ ಎಡವಿದ್ದು.

ಕತ್ತರಿಸಿದ ಬರಹ

ಎರಡನೆಯ ಬಾರಿ ಬರೆದದ್ದು ಹೀಗಿತ್ತು:

"ದ್ರವದ ಮೇಲ್ಮೈಯಲ್ಲಿ ಕಣಗಳಿವೆ. ಅವು ಶಾಖ ಹೀರುತ್ತವೆ. ಕಣಗಳು ಆವಿಯಾಗುತ್ತವೆ. ಇದು ಆವೀಕರಣ. ಆವೀಕರಣದಿಂದ ದ್ರವ ತಂಪಾಗುತ್ತದೆ. ಮಣ್ಣಿನ ಮಡಕೆಯಲ್ಲಿ ಸಣ್ಣ ತೂತುಗಳಿವೆ. ನೀರು ಹೊರಗೆ ಜಿನುಗುತ್ತದೆ. ಆ ನೀರು ಆವಿಯಾಗುತ್ತದೆ. ಮಡಕೆಯ ನೀರು ತಂಪಾಗಿರುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವಾಂಶ ಹೆಚ್ಚು. ಆವೀಕರಣ ನಿಧಾನ. ನೀರು ಅಷ್ಟು ತಂಪಾಗುವುದಿಲ್ಲ."

ಹನ್ನೆರಡು ವಾಕ್ಯ, 35 ಪದ. ಸರಾಸರಿ 14ರಿಂದ 3ಕ್ಕೆ ಇಳಿಯಿತು. ಪಾಠ ಯೋಜನೆಯ ಅಂಚಿನಲ್ಲಿ ಈ ಎರಡು ಅಂಕಿಗಳನ್ನು ಹೆಮ್ಮೆಯಿಂದ ಬರೆದು, ಅಡಿಗೆರೆಯನ್ನೂ ಎಳೆದಿದ್ದೆ. ವೀಕ್ಷಣೆಗೆ ಬಂದ ಮೇಡಂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಮಕ್ಕಳು ಗಟ್ಟಿಯಾಗಿ, ತಡವರಿಸದೆ ಓದಿದರು. ಯಾವಾಗಲೂ ಓದಲು ಹಿಂಜರಿಯುವ ಒಬ್ಬ ಹುಡುಗ ತಾನಾಗಿ ಕೈಯೆತ್ತಿ ಓದಿದ. ಆ ಗಳಿಗೆ ನನ್ನ ಕೆಲಸ ಆಯಿತು ಎಂದುಕೊಂಡೆ.

ಸಂಜೆ ಉತ್ತರಗಳನ್ನು ತಿದ್ದಲು ಕುಳಿತಾಗ ಗೊತ್ತಾಯಿತು. "ಮಡಕೆಯ ನೀರು ಏಕೆ ತಣ್ಣಗಿರುತ್ತದೆ?" ಎಂಬ ಮೊದಲ ಪ್ರಶ್ನೆಗೆ ಎ ವಿಭಾಗದ 35 ಮಕ್ಕಳಲ್ಲಿ ಶಾಖದ ಮಾತನ್ನು ತಂದವರು ಆರೇ ಮಂದಿ. ಹೆಚ್ಚಿನವರು "ಮಡಕೆಯಲ್ಲಿ ತೂತುಗಳಿವೆ, ಅದಕ್ಕೆ" ಎಂದು ಬರೆದಿದ್ದರು. ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, "ತೂತಿನಿಂದ ಗಾಳಿ ಒಳಗೆ ಹೋಗುತ್ತದೆ, ಆದ್ದರಿಂದ ನೀರು ತಣ್ಣಗಾಗುತ್ತದೆ" ಎಂದಿದ್ದರು. ಕೈಯೆತ್ತಿ ಓದಿದ ಹುಡುಗನೂ ಅವರಲ್ಲಿ ಒಬ್ಬ. ಗಾಳಿ ಒಳಗೆ ಹೋಗುವ ಮಾತು ನನ್ನ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ.

ನನ್ನ ಹಾಳೆಯನ್ನು ಮತ್ತೆ ಓದಿದಾಗ ಅವರ ತಪ್ಪಲ್ಲ ಎನ್ನಿಸಿತು. "ನೀರು ಹೊರಗೆ ಜಿನುಗುತ್ತದೆ. ಆ ನೀರು ಆವಿಯಾಗುತ್ತದೆ. ಮಡಕೆಯ ನೀರು ತಂಪಾಗಿರುತ್ತದೆ." ಈ ಮೂರು ವಾಕ್ಯಗಳ ನಡುವೆ ಏನು ಸಂಬಂಧ? ಮೊದಲ ಬರಹದಲ್ಲಿ ಅದನ್ನು ಹೇಳುತ್ತಿದ್ದದ್ದು "ಒಳಗಿನ ನೀರಿನ ಉಷ್ಣವನ್ನು ಹೀರಿಕೊಳ್ಳುವುದರಿಂದ" ಎಂಬ ಭಾಗ. ಆ "ಉದರಿಂದ" ಎಂಬ ಬಾಲವನ್ನು ಕತ್ತರಿಸಿದಾಗ ಕಾರಣವೇ ಬಿದ್ದುಹೋಗಿತ್ತು. ಕಾರಣ ಕಾಣದ ಕಡೆ ಮಗು ತನಗೆ ತೋಚಿದ ಕಾರಣವನ್ನು ಹಾಕಿಕೊಳ್ಳುತ್ತದೆ. ತೂತು ಇದ್ದರೆ ಗಾಳಿ ಬರುತ್ತದೆ, ಗಾಳಿ ಬಂದರೆ ತಣ್ಣಗಾಗುತ್ತದೆ ಎಂಬುದು ಅದರ ಮನೆಯ ಅನುಭವ. 57 ಪದ 35ಕ್ಕೆ ಇಳಿದದ್ದನ್ನು ನಾನು ಸರಳತೆ ಎಂದು ತಿಳಿದಿದ್ದೆ. ಹೋದ ಆ 22 ಪದಗಳಲ್ಲಿ ಪಾಠದ ಹೂರಣವೂ ಹೋಗಿತ್ತು.

ಮರುದಿನದ ಪಾಠವನ್ನು ಮುಂದೂಡಿ ಇದೇ ಭಾಗವನ್ನು ಎ ವಿಭಾಗಕ್ಕೆ ಮತ್ತೆ ಮಾಡಬೇಕಾಯಿತು. ಗಾಳಿ ಒಳಗೆ ಹೋಗುತ್ತದೆ ಎಂದು ಒಮ್ಮೆ ಬರೆದವರ ತಲೆಯಿಂದ ಅದನ್ನು ತೆಗೆಯುವುದು, ಏನೂ ತಿಳಿಯದವರಿಗೆ ಹೇಳಿಕೊಡುವುದಕ್ಕಿಂತ ಕಷ್ಟ ಎಂಬುದು ಆಗ ಗೊತ್ತಾಯಿತು.

ವಾಕ್ಯದ ಉದ್ದವನ್ನು ಹೇಗೆ ಎಣಿಸಬೇಕು

ಪದಗಳನ್ನು ಎಣಿಸುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಕನ್ನಡದಲ್ಲಿ ಆ ಎಣಿಕೆ ಎರಡು ಕಡೆ ಮೋಸ ಮಾಡುತ್ತದೆ.

ಒಂದು, ಪದ ಯಾವುದು ಎಂಬುದೇ ನಾವು ಬರೆಯುವ ರೀತಿಯ ಮೇಲೆ ನಿಂತಿದೆ. "ತೂತುಗಳು ಇವೆ" ಎಂದರೆ ಎರಡು ಪದ, "ತೂತುಗಳಿವೆ" ಎಂದರೆ ಒಂದು. "ಆಕರ್ಷಣ ಬಲ" ಎಂದು ಬಿಡಿಸಿ ಬರೆದರೆ ಎರಡು, ಕೂಡಿಸಿ ಬರೆದರೆ ಒಂದು. ಸಂಧಿ ಮಾಡುತ್ತಾ ಹೋದರೆ ಸರಾಸರಿ ಇಳಿಯುತ್ತದೆ, ಓದು ಸುಲಭವಾಗುವುದಿಲ್ಲ, ಬದಲಿಗೆ ನಿಧಾನವಾಗಿ ಓದುವ ಮಗುವಿಗೆ ಕಷ್ಟವೇ ಆಗುತ್ತದೆ. ಆದ್ದರಿಂದ ಎರಡು ಬರಹಗಳನ್ನು ಹೋಲಿಸುವಾಗ ಎರಡರಲ್ಲೂ ಒಂದೇ ರೀತಿಯಲ್ಲಿ ಬಿಡಿಸಿ ಅಥವಾ ಕೂಡಿಸಿ ಬರೆದು ಎಣಿಸಬೇಕು.

ಎರಡನೆಯದು ಇನ್ನೂ ಮುಖ್ಯ. ಮೊದಲ ಬರಹದ ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ನೋಡಿ. ಎರಡರಲ್ಲಿಯೂ 11 ಪದಗಳೇ ಇವೆ. ಆದರೆ "ಹೀಗೆ ಹೊರಹೋಗುವ ಕಣಗಳು..." ಎಂಬ ವಾಕ್ಯದಲ್ಲಿ ಕ್ರಿಯೆಯನ್ನು ಹೇಳುವ ರೂಪಗಳು ಐದು: ಹೊರಹೋಗುವ, ಒಯ್ಯುವುದರಿಂದ, ಉಳಿದ, ಹಿಡಿದಿರುವ, ತಂಪಾಗುತ್ತವೆ. "ವಾತಾವರಣದ ಆರ್ದ್ರತೆ..." ಎಂಬುದರಲ್ಲಿ ಮೂರೇ: ಅಧಿಕವಾಗಿರುವ, ಕ್ಷೀಣಿಸುವುದರಿಂದ, ಕಾಣುವುದಿಲ್ಲ. ಒಂದೊಂದು ಕ್ರಿಯಾರೂಪವೂ ಒಂದು ಪುಟ್ಟ ಸಂಗತಿ. ಅದನ್ನು ಯಾರು ಮಾಡಿದರು, ಯಾವುದಕ್ಕೆ ಸೇರುತ್ತದೆ ಎಂಬುದನ್ನು ಮಗು ಹಿಡಿದಿಟ್ಟುಕೊಂಡು ಕೊನೆಯ ಕ್ರಿಯಾಪದದವರೆಗೆ ಕಾಯಬೇಕು. ನಮ್ಮ ಭಾಷೆಯಲ್ಲಿ ಪೂರ್ಣ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ಈ ಕಾಯುವಿಕೆ ದೀರ್ಘ. ನನ್ನ ಮೊದಲ ವಾಕ್ಯದಲ್ಲಿ ಇಂಥ ರೂಪಗಳು ಏಳು. ಮೇಲ್ಮೈಯಲ್ಲಿ "ಇರುವ", ಹೀರಿಕೊಂಡು, ಮೀರಿ, ಕುದಿಯುವ, ಆವಿಯಾಗಿ, ಪರಿವರ್ತನೆಗೊಳ್ಳುವ ಎಂಬ ಆರನ್ನು ದಾಟಿದ ಮೇಲೆ "ಎನ್ನುತ್ತಾರೆ" ಸಿಗುತ್ತದೆ. ಅಷ್ಟರಲ್ಲಿ ಕಣಗಳ ಸುದ್ದಿ ಎಲ್ಲಿ ಮುಗಿಯಿತು, ವಿದ್ಯಮಾನದ ಸುದ್ದಿ ಎಲ್ಲಿ ಶುರುವಾಯಿತು ಎಂಬುದು ಬೆರೆತುಹೋಗಿರುತ್ತದೆ.

ಹೀಗಾಗಿ ಪದಗಳ ಜೊತೆಗೆ ಕ್ರಿಯಾರೂಪಗಳನ್ನೂ ಎಣಿಸಿದೆ. ಪೆನ್ಸಿಲಿನಲ್ಲಿ ಅವುಗಳಿಗೆ ಅಡಿಗೆರೆ ಎಳೆಯುತ್ತಾ ಹೋದರೆ ಅರ್ಧ ಪುಟಕ್ಕೆ ಐದು ನಿಮಿಷ ಸಾಕು. ವಾಕ್ಯವೊಂದರಲ್ಲಿ ಮೂರಕ್ಕಿಂತ ಹೆಚ್ಚು ಅಡಿಗೆರೆ ಬಂದರೆ ಒಡೆಯುವುದು ಎಂದು ನನಗೆ ನಾನೇ ಒಂದು ನಿಯಮ ಮಾಡಿಕೊಂಡೆ. ಮೂರು ಎಂಬುದು ಈ ತರಗತಿಗೆ ನಾನು ಆರಿಸಿಕೊಂಡ ಮಿತಿ, ಶಾಸ್ತ್ರದ ಮಾತಲ್ಲ. ಇದಕ್ಕೆ ಇನ್ನೊಂದು ಷರತ್ತನ್ನೂ ಸೇರಿಸಿದೆ: ವಾಕ್ಯವನ್ನು ಒಡೆದ ಕಡೆ "ಉದರಿಂದ", "ಆಗಿ", "ಕೊಂಡು" ಎಂಬ ಕೊಂಡಿ ಕಳಚಿದ್ದರೆ, ಅದರ ಬದಲಿಗೆ "ಆದ್ದರಿಂದ", "ಏಕೆಂದರೆ", "ಆಗ" ಎಂಬ ಬಿಡಿ ಪದ ಮುಂದಿನ ವಾಕ್ಯದಲ್ಲಿ ಬಂದಿದೆಯೇ ಎಂದು ನೋಡುವುದು. ಕತ್ತರಿಸಿದ ಬರಹದ ಹನ್ನೆರಡು ವಾಕ್ಯಗಳಲ್ಲಿ ಇಂಥ ಬಿಡಿ ಪದ ಒಂದೂ ಇರಲಿಲ್ಲ.

ಕಣ ಎಂದರೆ ಯಾವ ಕಣ?

ಪದಗಳ ಪರಿಚಯವನ್ನು ಅಳೆಯುವ ಕೆಲಸ ಮೊದಲೇ ಆಗಬೇಕಿತ್ತು. ಆಗದೆ ಹೋದದ್ದಕ್ಕೆ ಕಾರಣ ನನ್ನ ಅತಿವಿಶ್ವಾಸ. ಯಾವ ಪದ ಕಠಿಣ ಎಂಬುದು ನೋಡಿದರೆ ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಮೊದಲ ಬರಹದಿಂದ ಹದಿನಾರು ಪದಗಳನ್ನು ಆರಿಸಿ, ಕಠಿಣ ಎನಿಸಿದವುಗಳಿಗೆ ಗುರುತು ಹಾಕಿ ಇಟ್ಟುಕೊಂಡೆ. ಆಮೇಲೆ ಅದೇ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಎ ವಿಭಾಗದ ಮಕ್ಕಳಿಗೆ ಕೊಟ್ಟೆ. ಪ್ರತಿ ಪದದ ಮುಂದೆ ಮೂರು ಮನೆಗಳು: "ಗೊತ್ತು, ಅರ್ಥ ಹೇಳಬಲ್ಲೆ", "ಕೇಳಿದ್ದೇನೆ, ಅರ್ಥ ಗೊತ್ತಿಲ್ಲ", "ಕೇಳಿಯೇ ಇಲ್ಲ".

ಇಂಥ ಹಾಳೆಯಲ್ಲಿ ಮಕ್ಕಳು ಎಲ್ಲವೂ ಗೊತ್ತು ಎಂದು ಗುರುತು ಹಾಕುವ ಅಪಾಯ ಇದ್ದೇ ಇದೆ. ಹೊಸ ಟೀಚರ್ ಮುಂದೆ ಗೊತ್ತಿಲ್ಲ ಎನ್ನಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕಾಗಿ ಹದಿನಾರರ ನಡುವೆ, ಅರ್ಥವೇ ಇಲ್ಲದ ಎರಡು ಪದಗಳನ್ನು ನಾನೇ ಕಟ್ಟಿ ಸೇರಿಸಿದ್ದೆ. "ಉಮರಣ" ಮತ್ತು "ತಳವೀಕೆ". ಐದು ಮಕ್ಕಳು ಉಮರಣದ ಅರ್ಥ ಹೇಳಬಲ್ಲೆವು ಎಂದು ಗುರುತು ಹಾಕಿದ್ದರು. ಆ ಐದು ಹಾಳೆಗಳನ್ನು ಪಕ್ಕಕ್ಕಿಟ್ಟು ಉಳಿದ 30ನ್ನು ಎಣಿಸಿದೆ. ಅವರನ್ನು ಬೈಯಲಿಲ್ಲ, ಅದು ಯಾರ ಹಾಳೆ ಎಂದೂ ಹೇಳಲಿಲ್ಲ.

ಪರಿಚಿತ ಪದ ಎನ್ನಲು ಎಷ್ಟು ಮಕ್ಕಳಿಗೆ ಗೊತ್ತಿರಬೇಕು? ಡೇಲ್ ಮತ್ತು ಚಾಲ್ ತಮ್ಮ ಪಟ್ಟಿಯನ್ನು ಮಾಡುವಾಗ ನಾಲ್ಕನೆಯ ತರಗತಿಯ ಮಕ್ಕಳಲ್ಲಿ ನೂರಕ್ಕೆ 80 ಮಂದಿಗೆ ಗೊತ್ತಿರಬೇಕು ಎಂಬ ಅಳತೆ ಇಟ್ಟುಕೊಂಡಿದ್ದರು. ಅವರ ಅಂಕಿಗಳು ಬೇಡವಾದರೂ ಈ ಅಳತೆ ನಮಗೆ ಒಗ್ಗುತ್ತದೆ. 30 ಮಕ್ಕಳಲ್ಲಿ 24 ಮಂದಿ.

ಎಂಟು ಪದಗಳು ಈ ಗೆರೆಯನ್ನು ದಾಟಲಿಲ್ಲ: ಮೇಲ್ಮೈ, ಉಷ್ಣ, ಆಕರ್ಷಣೆ, ವಿದ್ಯಮಾನ, ಆವೀಕರಣ, ಸೂಕ್ಷ್ಮರಂಧ್ರ, ಆರ್ದ್ರತೆ, ಕ್ಷೀಣಿಸು. ಇವುಗಳಲ್ಲಿ ಹೆಚ್ಚಿನವನ್ನು ನಾನೂ ಊಹಿಸಿದ್ದೆ. ನಾನು ಕಠಿಣ ಎಂದು ಗುರುತಿಸಿದ್ದ "ಜಿನುಗು" ಮಾತ್ರ 28 ಮಕ್ಕಳಿಗೆ ಗೊತ್ತಿತ್ತು. ಪುಸ್ತಕದಲ್ಲಿ ಅಪರೂಪವಾದರೂ ಸೋರುವ ಮಾಡು, ಒಸರುವ ಬಾವಿ ನೋಡಿದವರಿಗೆ ಅದು ನಿತ್ಯದ ಮಾತು.

ನನ್ನನ್ನು ಬೆಚ್ಚಿಬೀಳಿಸಿದ್ದು ಗೆರೆ ದಾಟಿದ ಪದಗಳು. ಅವುಗಳಲ್ಲಿ ಐದನ್ನು ಆರಿಸಿ, ಒಂದೊಂದಕ್ಕೂ ಒಂದು ಸ್ವಂತ ವಾಕ್ಯ ಬರೆಯಿರಿ ಎಂದಿದ್ದೆ. "ಕಣ" ಎಂಬುದನ್ನು 29 ಮಕ್ಕಳು ಗೊತ್ತು ಎಂದಿದ್ದರು. ಅವರಲ್ಲಿ 22 ಮಂದಿಯ ವಾಕ್ಯಗಳು ಹೀಗಿದ್ದವು: "ನಮ್ಮ ತಾತ ಕಣ ಸಾರಿಸುತ್ತಾರೆ", "ಕಣದಲ್ಲಿ ರಾಗಿ ರಾಶಿ ಇದೆ". ಒಬ್ಬಳು "ಚುನಾವಣಾ ಕಣದಲ್ಲಿ ಮೂವರು ಇದ್ದಾರೆ" ಎಂದು ಬರೆದಿದ್ದಳು. "ದರ" ಎಂಬುದು ಎಲ್ಲ 30 ಮಂದಿಗೂ ಗೊತ್ತು. ಆದರೆ ಬರೆದದ್ದೆಲ್ಲ ಕೊಬ್ಬರಿ ದರ, ಟೊಮೆಟೊ ದರ. ಹಾಗಿದ್ದರೆ "ಆವೀಕರಣದ ದರ ಕ್ಷೀಣಿಸುತ್ತದೆ" ಎಂಬುದನ್ನು ಅವರು ಹೇಗೆ ಓದಿಕೊಂಡಿರಬೇಕು! ಕತ್ತರಿಸಿದ ಬರಹದ ಮೊದಲ ವಾಕ್ಯ "ದ್ರವದ ಮೇಲ್ಮೈಯಲ್ಲಿ ಕಣಗಳಿವೆ" ಎಂಬುದು. ಎಷ್ಟು ಪುಟ್ಟ ವಾಕ್ಯ! ಮೂರು ಪದಗಳಲ್ಲಿ ಒಂದು ಗೊತ್ತಿಲ್ಲದ್ದು, ಇನ್ನೊಂದು ಬೇರೆ ಅರ್ಥದಲ್ಲಿ ಗೊತ್ತಿರುವುದು.

ಗೊತ್ತಿಲ್ಲದ ಪದ ಬಂದರೆ ಮಗು ನಿಲ್ಲುತ್ತದೆ, ಕೇಳಬಹುದು. ಬೇರೆ ಅರ್ಥದಲ್ಲಿ ಗೊತ್ತಿರುವ ಪದ ಬಂದರೆ ನಿಲ್ಲುವುದೇ ಇಲ್ಲ. ಸರಾಗವಾಗಿ ಓದಿಕೊಂಡು ಮುಂದೆ ಹೋಗುತ್ತದೆ. ಗುರುತು ಹಾಕುವ ಹಾಳೆಯಾಗಲಿ, ಪದಪಟ್ಟಿಯಾಗಲಿ ಇದನ್ನು ಹಿಡಿಯಲಾರವು. ಸ್ವಂತ ವಾಕ್ಯ ಬರೆಸಿದರೆ ಮಾತ್ರ ಸಿಕ್ಕಿಬೀಳುತ್ತದೆ. ವಿಜ್ಞಾನದಲ್ಲಿ ಇಂಥ ಪದಗಳು ಇನ್ನೂ ಇವೆ. ಕೆಲಸ, ಬಲ, ಒತ್ತಡ, ಮೂಲ ಇವೆಲ್ಲ ಅದೇ ಜಾತಿಯವು. ಕಣ ಮತ್ತು ದರ ಸೇರಿ ಅಪರಿಚಿತ ಪದಗಳು ಎಂಟಲ್ಲ, ಹತ್ತು ಎಂದಾಯಿತು.

"ಆರ್ದ್ರತೆ"ಯ ಬಗ್ಗೆ ಒಂದು ಮಾತು. ಆ ಪದ ಗೊತ್ತು ಎಂದವರು ನಾಲ್ವರೇ. ಅವರಲ್ಲಿ ಒಬ್ಬ, ಸ್ವಂತ ವಾಕ್ಯ ಕೇಳದಿದ್ದರೂ ಪದದ ಪಕ್ಕದಲ್ಲಿಯೇ "ಆರಿದ್ರಾ ಮಳೆ" ಎಂದು ಬರೆದಿದ್ದ. ಮೊದಲು ತಪ್ಪು ಹಾಕಲು ಹೋದೆ. ಆಮೇಲೆ ಹೊಳೆಯಿತು, ಆರ್ದ್ರ ಎಂದರೆ ಒದ್ದೆಯಾದದ್ದು, ನಕ್ಷತ್ರದ ಹೆಸರೂ ಅದೇ ಪದ. ಅವನ ಅಜ್ಜಿ ಮಳೆ ಎಣಿಸುವಾಗ ಹೇಳುವ ಹೆಸರನ್ನು ಅವನು ಪುಸ್ತಕದ ಪದಕ್ಕೆ ಸರಿಯಾಗಿಯೇ ಜೋಡಿಸಿದ್ದ. ಆರ್ದ್ರತೆಯನ್ನು ಹೇಳಿಕೊಡುವ ದಿನ ಇದನ್ನೇ ಬಳಸಿಕೊಂಡೆ.

ಮೂರನೆಯ ಬರಹ

ಪದಗಳ ಫಲಿತಾಂಶ ಕೈಗೆ ಬಂದ ಮೇಲೆ ಬರೆದದ್ದು ಇದು:

"ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಣ್ಣಗಿರುತ್ತದೆ, ಸ್ಟೀಲ್ ಕೊಡದ ನೀರು ಹಾಗಿರುವುದಿಲ್ಲ. ಏಕೆಂದರೆ ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಅವುಗಳ ಮೂಲಕ ಸ್ವಲ್ಪ ನೀರು ಹೊರಗೆ ಜಿನುಗಿ ಆವಿಯಾಗುತ್ತದೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಮಡಕೆಯಿಂದಲೂ ಒಳಗಿನ ನೀರಿನಿಂದಲೂ ತೆಗೆದುಕೊಳ್ಳುತ್ತದೆ. ಆದ್ದರಿಂದ ಒಳಗೆ ಉಳಿದ ನೀರು ತಣ್ಣಗಾಗುತ್ತದೆ. ಕುದಿಯದೆಯೇ ನೀರು ಹೀಗೆ ಆವಿಯಾಗುವುದಕ್ಕೆ ಆವೀಕರಣ ಎನ್ನುತ್ತಾರೆ. ಮಳೆಗಾಲದಲ್ಲಿ ಗಾಳಿಯಲ್ಲಿ ಆಗಲೇ ತೇವ ಹೆಚ್ಚಿರುವುದರಿಂದ ಆವೀಕರಣ ನಿಧಾನವಾಗುತ್ತದೆ. ಆದ್ದರಿಂದ ಆಗ ಮಡಕೆಯ ನೀರು ಅಷ್ಟು ತಣ್ಣಗಾಗುವುದಿಲ್ಲ."

ಒಂಬತ್ತು ವಾಕ್ಯ, 58 ಪದ, ವಾಕ್ಯಕ್ಕೆ ಸರಾಸರಿ ಆರೂವರೆಗೆ ಹತ್ತಿರ. ಯಾವ ವಾಕ್ಯದಲ್ಲಿಯೂ ಕ್ರಿಯಾರೂಪಗಳು ಮೂರನ್ನು ಮೀರಿಲ್ಲ. ಒಟ್ಟು ಪದಗಳು ಮೊದಲ ಬರಹಕ್ಕಿಂತ ಒಂದು ಹೆಚ್ಚೇ ಇವೆ. "ಸೂಕ್ಷ್ಮರಂಧ್ರಗಳು" ಎಂಬ ಒಂದು ಪದದ ಜಾಗದಲ್ಲಿ "ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು" ಎಂಬ ನಾಲ್ಕು ಪದಗಳು ಬಂದಿವೆ. ಇಲ್ಲಿ ಎರಡು ಅಳತೆಗಳು ಒಂದಕ್ಕೊಂದು ಎದುರಾಗಿ ಎಳೆಯುತ್ತವೆ: ಪದದ ಪರಿಚಯ ಹೆಚ್ಚಿಸಲು ಹೋದರೆ ವಾಕ್ಯ ಉದ್ದವಾಗುತ್ತದೆ. ಅಂಥ ಕಡೆ ನಾನು ಪರಿಚಯದ ಪರವಾಗಿ ನಿಂತೆ. ಪರಿಚಿತ ಪದಗಳ ಏಳೆಂಟು ಪದಗಳ ವಾಕ್ಯವನ್ನು ಈ ಮಕ್ಕಳು ತಾಳಿಕೊಳ್ಳುತ್ತಾರೆ.

ಹತ್ತು ಅಪರಿಚಿತ ಪದಗಳಲ್ಲಿ ಇಲ್ಲಿ ಉಳಿದದ್ದು ಆವೀಕರಣ ಒಂದೇ. ಅದನ್ನು ತೆಗೆಯುವಂತಿಲ್ಲ, ಪಾಠವೇ ಅದರದು. ಮೊದಲ ಬರಹ ಆ ಹೆಸರಿನ ವ್ಯಾಖ್ಯೆಯಿಂದ ಆರಂಭವಾಗಿತ್ತು, ಇಲ್ಲಿ ಸಂಗತಿ ಪೂರ್ತಿ ತಿಳಿದ ಮೇಲೆ ಏಳನೆಯ ವಾಕ್ಯದಲ್ಲಿ ಹೆಸರು ಬರುತ್ತದೆ. ಹೊಸದಾಗಿ ತಂದ ಪದಗಳನ್ನೂ ಪರೀಕ್ಷಿಸಬೇಕು ಎಂಬುದನ್ನು ಮರೆಯಬಾರದು. "ಶಾಖ" ಎಂಬುದಕ್ಕೆ ಸ್ವಂತ ವಾಕ್ಯ ಕೇಳಿದಾಗ "ಕಾಲು ಉಳುಕಿದರೆ ಶಾಖ ಕೊಡುತ್ತಾರೆ" ಎಂಬಂಥವು ಬಂದವು. ಅರ್ಥ ಸರಿಯಾಗಿಯೇ ಇದೆ. "ತೇವಾಂಶ"ಕ್ಕೆ ವಾಕ್ಯ ಬರೆಯಲು ಹಲವರು ಕಷ್ಟಪಟ್ಟರು, "ತೇವ" ಎಲ್ಲರಿಗೂ ಬಂತು.

ಮಾರ್ಗದರ್ಶಕ ಶಿಕ್ಷಕರಿಗೆ ತೋರಿಸಿದಾಗ ಎರಡು ಆಕ್ಷೇಪ ಎತ್ತಿದರು. "ತೂತು ಅಂತ ಬರೆದಿದ್ದೀಯಲ್ಲ, ಪರೀಕ್ಷೆಯಲ್ಲಿ ರಂಧ್ರ ಅಂತ ಬಂದರೆ ಏನು ಮಾಡುತ್ತಾರೆ?" ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸುಲಭವಾಗಿತ್ತು. ಓದಿ ಅರ್ಥವಾದ ಮೇಲೆ ತೂತಿನ ಪಕ್ಕದಲ್ಲಿ ರಂಧ್ರ ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ ಎಂದೆ. ಎರಡನೆಯದು ಭಾರವಾದದ್ದು. "ಕಣ ಎಲ್ಲಿ ಹೋಯಿತಮ್ಮ? ಇದು ದ್ರವ್ಯದ ಪಾಠ. ಕಣವೇ ಇಲ್ಲದೆ ಆವೀಕರಣ ಹೇಳಿದರೆ ಅದು ಅಡುಗೆಮನೆಯ ಮಾತಾಯಿತು." ಅವರು ಹೇಳಿದ್ದು ಸರಿ. ಪರಿಚಯವಿಲ್ಲದ ಪದವನ್ನು ತೆಗೆಯುತ್ತಾ ಹೋದರೆ ಒಂದು ಹಂತದಲ್ಲಿ ಪಾಠವನ್ನೇ ತೆಗೆದಿರುತ್ತೇವೆ. ಯಾವ ಪದವನ್ನು ಬದಲಿಸಬಹುದು, ಯಾವುದನ್ನು ಹೇಳಿಕೊಡಲೇಬೇಕು ಎಂಬುದನ್ನು ಅಳತೆ ತಿಳಿಸುವುದಿಲ್ಲ. ಅದನ್ನು ವಿಷಯ ಬಲ್ಲವರೇ ತೀರ್ಮಾನಿಸಬೇಕು. ಅದಕ್ಕಾಗಿ ಮೇಲಿನ ಭಾಗವನ್ನು ಹಾಗೆಯೇ ಬಿಟ್ಟು, ಕೆಳಗೆ ಇನ್ನೊಂದು ಭಾಗ ಸೇರಿಸಿದೆ:

"ನೀರು ಕಣ್ಣಿಗೆ ಕಾಣದ ಅತಿ ಚಿಕ್ಕ ಚೂರುಗಳಿಂದ ಆಗಿದೆ. ವಿಜ್ಞಾನದಲ್ಲಿ ಇವುಗಳಿಗೆ ಕಣ ಎನ್ನುತ್ತಾರೆ. ಇದು ರಾಶಿ ಮಾಡುವ ಕಣ ಅಲ್ಲ. ಎಲ್ಲ ಕಣಗಳೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಹೆಚ್ಚು ವೇಗದ ಕಣಗಳು ನೀರಿನ ಮೇಲ್ಭಾಗದಿಂದ ತಪ್ಪಿಸಿಕೊಂಡು ಹೊರಗೆ ಹೋಗುತ್ತವೆ. ಕಡಿಮೆ ವೇಗದವು ಒಳಗೆ ಉಳಿಯುತ್ತವೆ. ಆದ್ದರಿಂದ ಉಳಿದ ನೀರು ತಣ್ಣಗಾಗುತ್ತದೆ."

"ಇದು ರಾಶಿ ಮಾಡುವ ಕಣ ಅಲ್ಲ" ಎಂಬ ವಾಕ್ಯವನ್ನು ಓದಿ ಅವರು ನಕ್ಕರು, ಆದರೆ ತೆಗೆ ಎನ್ನಲಿಲ್ಲ.

ಬಿ ವಿಭಾಗದಲ್ಲಿ

ಈ ಹಾಳೆಯನ್ನು ಬಿ ವಿಭಾಗದ 33 ಮಕ್ಕಳಿಗೆ ಕೊಟ್ಟೆ. ಅವರಿಗೂ ಅದೇ ಎರಡು ಪ್ರಶ್ನೆಗಳು. ಓದುವುದರಲ್ಲಿ ಅವರು ಎ ವಿಭಾಗದಷ್ಟು ಸರಾಗವಾಗಿರಲಿಲ್ಲ. ಐದನೆಯ ವಾಕ್ಯದ "ಮಡಕೆಯಿಂದಲೂ ಒಳಗಿನ ನೀರಿನಿಂದಲೂ" ಎಂಬಲ್ಲಿ ಕೆಲವರು ತಡೆದು ಮತ್ತೆ ಓದಿದರು. ಆದರೆ ಮೊದಲ ಪ್ರಶ್ನೆಗೆ 21 ಮಂದಿಯ ಉತ್ತರದಲ್ಲಿ ಶಾಖ ಒಳಗಿನಿಂದ ಹೋಗುತ್ತದೆ ಎಂಬ ಮಾತು ಯಾವುದಾದರೂ ರೂಪದಲ್ಲಿ ಇತ್ತು. ಗಾಳಿ ಒಳಗೆ ಹೋಗುತ್ತದೆ ಎಂದು ಬರೆದವರು ಇಬ್ಬರು.

ಎರಡನೆಯ ಪ್ರಶ್ನೆಗೆ ಹಾಳೆಯಲ್ಲಿ ನೇರ ಉತ್ತರ ಇರಲಿಲ್ಲ: "ಸ್ಟೀಲ್ ಕೊಡಕ್ಕೆ ಒದ್ದೆ ಬಟ್ಟೆ ಸುತ್ತಿದರೆ ನೀರು ತಣ್ಣಗಾಗುತ್ತದೆಯೇ? ಏಕೆ?" ಹಾಳೆಯ ವಾಕ್ಯವನ್ನು ನಕಲು ಮಾಡುವವರನ್ನೂ ಕಾರಣ ಹಿಡಿದವರನ್ನೂ ಬೇರ್ಪಡಿಸಲು ಇದನ್ನು ಇಟ್ಟಿದ್ದೆ. ಎ ವಿಭಾಗದಲ್ಲಿ ಬಹುಪಾಲು ಮಕ್ಕಳು "ಆಗುವುದಿಲ್ಲ, ಸ್ಟೀಲಿನಲ್ಲಿ ತೂತು ಇಲ್ಲ" ಎಂದಿದ್ದರು. ಅವರ ತರ್ಕ ನನ್ನ ಕತ್ತರಿಸಿದ ಬರಹಕ್ಕೆ ನಿಷ್ಠವಾಗಿಯೇ ಇತ್ತು. ಬಿ ವಿಭಾಗದಲ್ಲಿಯೂ ಇದು ಎಲ್ಲರಿಗೂ ಬರಲಿಲ್ಲ, ಅರ್ಧಕ್ಕಿಂತ ಕಡಿಮೆ ಮಂದಿ ಸರಿಯಾಗಿ ಬರೆದರು.

ಎರಡು ವಿಭಾಗಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಮೂರನೆಯ ಬರಹ ಗೆದ್ದಿತು ಎಂದು ಸಾರುವಷ್ಟು ಆಧಾರ ನನ್ನ ಬಳಿ ಇಲ್ಲ. ವಿಭಾಗಗಳು ಸಮಾನವಲ್ಲ. ಬಿ ವಿಭಾಗಕ್ಕೆ ಹೋಗುವ ಹೊತ್ತಿಗೆ ನಾನೂ ಆ ಪಾಠವನ್ನು ಒಮ್ಮೆ ಮಾಡಿ, ಒಮ್ಮೆ ತಿದ್ದಿಕೊಂಡಿದ್ದೆ. ಪದಗಳ ಪರೀಕ್ಷೆ ಬರೆದವರು ಎ ವಿಭಾಗದವರು, ಹಾಳೆ ಓದಿದವರು ಬಿ ವಿಭಾಗದವರು. ಒಂದೇ ಊರಿನ ಮಕ್ಕಳಾದ್ದರಿಂದ ಪರವಾಗಿಲ್ಲ ಎಂದುಕೊಂಡೆ. ಇದೇ ಹಾಳೆಯನ್ನು ಕರಾವಳಿಯ ಶಾಲೆಗೋ ಬೆಂಗಳೂರಿನ ಬಡಾವಣೆಯ ಶಾಲೆಗೋ ಒಯ್ದರೆ ಪದಗಳನ್ನು ಮತ್ತೆ ಕೇಳಬೇಕಾಗುತ್ತದೆ. ರಾಶಿಯ ಕಣವನ್ನೇ ಕಾಣದ ಮಕ್ಕಳಿಗೆ ನನ್ನ ಮೂರನೆಯ ವಾಕ್ಯ ಒಂದು ಹೊಸ ತೊಡಕು.

ಈಗ ಯಾವ ಓದುಹಾಳೆ ಬರೆದರೂ ಮೊದಲು ಪದಗಳ ಹಾಳೆ ಕೊಡುತ್ತೇನೆ, ಅದರಲ್ಲಿ ಗೊತ್ತು ಎಂದ ಪದಗಳಿಗೆ ಸ್ವಂತ ವಾಕ್ಯ ಬರೆಸುತ್ತೇನೆ, ಆಮೇಲೆ ಕ್ರಿಯಾರೂಪಗಳಿಗೆ ಅಡಿಗೆರೆ ಎಳೆಯುತ್ತೇನೆ. ಪದಗಳ ಸರಾಸರಿಯನ್ನು ಕೊನೆಗೆ ಎಣಿಸುತ್ತೇನೆ. ಮುಂದಿನ ವಾರದ ಪಾಠ ಬಲ ಮತ್ತು ಒತ್ತಡ, ಎಂಟನೆಯ ತರಗತಿಗೆ. "ಒತ್ತಡ" ಎಂಬುದಕ್ಕೆ ವಾಕ್ಯ ಬರೆಸಿದ್ದೇನೆ. 38 ಹಾಳೆಗಳಲ್ಲಿ ಬಹುಪಾಲು ಅಪ್ಪನ ಬಿಪಿ ಮತ್ತು ಪರೀಕ್ಷೆಯ ಒತ್ತಡದ ಸುತ್ತಲೇ ಇವೆ. ಒಬ್ಬಳು ಮಾತ್ರ "ಚೀಲದ ಪಟ್ಟಿ ಸಣ್ಣದಿದ್ದರೆ ಭುಜಕ್ಕೆ ಒತ್ತುತ್ತದೆ" ಎಂದು ಬರೆದಿದ್ದಾಳೆ. ಪಾಠವನ್ನು ಅವಳ ವಾಕ್ಯದಿಂದಲೇ ಆರಂಭಿಸಬೇಕೆಂದಿದ್ದೇನೆ.